ಮೇಲ್ಮನವಿಯ ನೆಪ ಮತ್ತು ಹೊಣೆಯ ಲೆಕ್ಕ

ಮುಂದೊಂದು ದಿನ ಕೈಬಿಟ್ಟು ಹೋಗಬಹುದಾದ ಹಣವನ್ನು ಇಂದಿನ ಪುಸ್ತಕದಲ್ಲಿ ಯಾವಾಗ ಬರೆಯಬೇಕು ಎಂಬ ಪ್ರಶ್ನೆಗೆ ಲೆಕ್ಕಶಾಸ್ತ್ರ ಕೊಡುವ ಉತ್ತರ ಮೇಲ್ನೋಟಕ್ಕೆ ಸರಳವಾಗಿದೆ. ನಡೆದುಹೋದ ಯಾವುದೋ ಘಟನೆಯಿಂದ ಸಂಸ್ಥೆಯ ಮೇಲೆ ಈಗಾಗಲೇ ಒಂದು ಬಾಧ್ಯತೆ ಬಿದ್ದಿದ್ದು, ಅದನ್ನು ತೀರಿಸಲು ಹಣ ಹೋಗುವ ಸಂಭವ ಹೋಗದಿರುವ ಸಂಭವಕ್ಕಿಂತ ಹೆಚ್ಚಾಗಿದ್ದು, ಮೊತ್ತವನ್ನು ನಂಬಲರ್ಹವಾಗಿ ಅಂದಾಜು ಮಾಡಲು ಬರುವಂತಿದ್ದರೆ, ಆ ಮೊತ್ತವನ್ನು ಹೊಣೆಯೆಂದು ಅಢಾವೆ ಪತ್ರಿಕೆಯಲ್ಲಿಯೇ ತೋರಿಸಬೇಕು. ಇದನ್ನು ಲೆಕ್ಕಿಗರು ಪ್ರಾವಿಷನ್ ಎನ್ನುತ್ತಾರೆ. ಬಾಧ್ಯತೆ ಇದೆಯೋ ಇಲ್ಲವೋ ಎಂಬುದೇ ಮುಂದಿನ ಘಟನೆಯೊಂದರಿಂದ ತೀರ್ಮಾನವಾಗಬೇಕಾಗಿದ್ದರೆ, ಅಥವಾ ಬಾಧ್ಯತೆ ಇದ್ದರೂ ಹಣ ಹೋಗುವ ಸಂಭವ ಕಡಿಮೆಯಿದ್ದರೆ, ಇಲ್ಲವೇ ಮೊತ್ತವನ್ನು ಅಳೆಯಲು ಯಾವ ದಾರಿಯೂ ಇಲ್ಲದಿದ್ದರೆ, ಅದು ಸಂಭಾವ್ಯ ಹೊಣೆಯಾಗಿ, ಅಂದರೆ ಕಂಟಿಂಜೆಂಟ್ ಲಯಬಿಲಿಟಿಯಾಗಿ, ಅಂಕಿಗಳ ಒಳಗೆ ಸೇರದೆ ಕೆಳಗಿನ ಟಿಪ್ಪಣಿಯಲ್ಲಿ ಉಳಿಯುತ್ತದೆ. ಸಂಭವ ತೀರ ದೂರದ್ದಾದರೆ ಟಿಪ್ಪಣಿಯೂ ಬೇಕಿಲ್ಲ. ಭಾರತದ ಲೆಕ್ಕ ಪರಿಶೋಧಕರ ಸಂಸ್ಥೆ ಹೊರಡಿಸಿ 2004ರ ಏಪ್ರಿಲ್‌ನಿಂದ ಕಡ್ಡಾಯವಾದ 29ನೆಯ ಲೆಕ್ಕ ಮಾನಕವೂ, ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 37 ಎಂಬ ಮಾನಕವೂ ತಿರುಳಿನಲ್ಲಿ ಹೇಳುವುದು ಇದನ್ನೇ.

ತೊಡಕು ಹುಟ್ಟುವುದು ‘ಅನಿಶ್ಚಿತ’ ಎಂಬ ಗುಣವನ್ನು ಎಲ್ಲಿ ಹಚ್ಚಬೇಕು ಎಂಬಲ್ಲಿ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದು ಅನಿಶ್ಚಿತವಾಗಿರುವುದು ಬೇರೆ, ಕೊಡಬೇಕೇ ಎಂಬುದೇ ಅನಿಶ್ಚಿತವಾಗಿರುವುದು ಬೇರೆ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಎಂಥ ಎಡವಟ್ಟಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನೂ ಕೆ.ಜಿ.ಎಫ್. ಮತ್ತು ಮೈಸೂರಿನಲ್ಲಿ ಕಾರ್ಖಾನೆಗಳನ್ನೂ ಹೊಂದಿರುವ ಭಾರತ್ ಅರ್ತ್ ಮೂವರ್ಸ್ ಕಂಪನಿಯ ಪ್ರಕರಣ ಒಳ್ಳೆಯ ನಿದರ್ಶನ. ಅಲ್ಲಿನ ಅಧಿಕಾರಿಗಳಿಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆ ದೊರೆಯುತ್ತಿತ್ತು, ಅದನ್ನು 240 ದಿನಗಳವರೆಗೆ ಕೂಡಿಟ್ಟು ನಗದೀಕರಿಸಿಕೊಳ್ಳಬಹುದಾಗಿತ್ತು. ಉಳಿದ ಸಿಬ್ಬಂದಿಗೆ ವರ್ಷಕ್ಕೆ 18 ದಿನ, ಮಿತಿ 126 ದಿನ. 1978-79ರ ತೆರಿಗೆ ನಿರ್ಧಾರಣಾ ವರ್ಷಕ್ಕೆ ಕಂಪನಿ ಈ ಬಾಬ್ತಿಗಾಗಿ ಸುಮಾರು 62 ಲಕ್ಷ ರೂಪಾಯಿಗಳ ಪ್ರಾವಿಷನ್ ಮಾಡಿ, ಅದನ್ನು ಆದಾಯದಿಂದ ಕಳೆಯಲು ಕೇಳಿತು. ನೌಕರನು ರಜೆಯನ್ನು ಅನುಭವಿಸಿಬಿಡಬಹುದು, ನಗದೀಕರಣ ಕೇಳದೆಯೂ ಇರಬಹುದು, ಆದ್ದರಿಂದ ಇದು ಸಂಭಾವ್ಯ ಹೊಣೆ ಮಾತ್ರ ಎಂಬುದು ಕರ್ನಾಟಕ ಹೈಕೋರ್ಟಿನ ನಿಲುವಾಗಿತ್ತು. 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ನೌಕರನು ದುಡಿದು ರಜೆಯನ್ನು ಗಳಿಸಿದಾಗಲೇ ಹೊಣೆ ಹುಟ್ಟಿತು, ಅದನ್ನು ಮುಂದೊಂದು ದಿನ ಎಣಿಸಿ ತೀರಿಸಬೇಕಾಗಿದೆ ಎಂಬ ಮಾತ್ರಕ್ಕೆ ಅದು ಸಂಭಾವ್ಯವಾಗುವುದಿಲ್ಲ ಎಂದು ತೀರ್ಮಾನಿಸಿತು. (ಸಂಸತ್ತು 2001ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಈ ಹಣವನ್ನು ನಿಜವಾಗಿ ಪಾವತಿಸಿದ ವರ್ಷವೇ ತೆರಿಗೆ ವಿನಾಯಿತಿ ಎಂದು ಮಾಡಿತು; ಆದರೆ ಅದು ತೆರಿಗೆಯ ಮಾತು, ಪುಸ್ತಕದಲ್ಲಿ ಹೊಣೆಯನ್ನು ತೋರಿಸುವ ಕರ್ತವ್ಯ ಅದರಿಂದ ಕದಲಲಿಲ್ಲ.)

ಇದೇ ತರ್ಕವನ್ನು ರಾಯಚೂರು ಜಿಲ್ಲೆಗೆ ತಂದರೆ ಅದು ಹೆಚ್ಚು ಬಿರುಸಾಗುತ್ತದೆ. ಮಾನ್ವಿ, ಸಿಂಧನೂರುಗಳ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯೂ, ದೇವದುರ್ಗ, ಲಿಂಗಸುಗೂರುಗಳ ಕಡೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯೂ ಹರಿಯುವ ಈ ಸೀಮೆಯಲ್ಲಿ, ಹಿರೇಕೊಟ್ನೆಕಲ್ಲಿನಂಥ ಊರಿನ ರೈತನಿಗೂ ‘ಹೆಚ್ಚುವರಿ ಪರಿಹಾರ’ ಎಂಬ ಮಾತು ಹೊಸದಲ್ಲ. ಕಾಲುವೆಗೋ ರಸ್ತೆಗೋ ಹೊಲ ಹೋದಾಗ ಭೂಸ್ವಾಧೀನಾಧಿಕಾರಿ ಎಕರೆಗೆ ಒಂದು ದರ ಕಟ್ಟಿ ಐತೀರ್ಪು ನೀಡುತ್ತಾನೆ. ಅದನ್ನು ಒಪ್ಪದ ರೈತ, 1894ರ ಭೂಸ್ವಾಧೀನ ಕಾಯ್ದೆಯ 18ನೆಯ ಕಲಮಿನಡಿ, ದರವನ್ನು ಸಿವಿಲ್ ನ್ಯಾಯಾಲಯದ ಮುಂದಿಡುವಂತೆ ಅರ್ಜಿ ಹಾಕುತ್ತಾನೆ. ನ್ಯಾಯಾಲಯ ದರ ಏರಿಸಿದರೆ ಸರ್ಕಾರದ ಕಡೆಯವರು 54ನೆಯ ಕಲಮಿನಡಿ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸುತ್ತಾರೆ. 2014ರ ಜನವರಿ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದಿದ್ದರೂ ಅದಕ್ಕೆ ಮೊದಲಿನ ಐತೀರ್ಪುಗಳ ವ್ಯಾಜ್ಯಗಳಲ್ಲಿ ಹಳೆಯ ಕಾಯ್ದೆಯ ಲೆಕ್ಕವೇ ನಡೆಯುತ್ತದೆ. ಸ್ವಾಧೀನಪಡಿಸಿಕೊಳ್ಳುವುದು ಸರ್ಕಾರವಾದರೂ, ಯಾವ ಕಾಮಗಾರಿಗಾಗಿ ನೆಲ ಹೋಯಿತೋ ಆ ಕಾಮಗಾರಿಯ ಸಂಸ್ಥೆ ಹಣ ತುಂಬಬೇಕಾಗುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆಂದು 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮದಂತೆ ಆ ಸಂಸ್ಥೆ ಕಂಪನಿಯ ರೂಪದಲ್ಲಿದ್ದರೆ, ಬಂದ-ಹೋದ ನಗದನ್ನಷ್ಟೇ ಬರೆಯುವ ಸರ್ಕಾರಿ ಖಜಾನೆಯ ಪದ್ಧತಿ ಅದಕ್ಕೆ ಸಲ್ಲದು. ತಗುಲಿದ ಹೊಣೆಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾದರೆ ಇಂಥ ಸಂಸ್ಥೆಯನ್ನು ಕಟ್ಟಿಹಾಕುವ ಘಟನೆ ಯಾವುದು? ನ್ಯಾಯಾಲಯದ ಡಿಕ್ರಿಯೇ, ಮೇಲ್ಮನವಿಯ ಅಂತಿಮ ತೀರ್ಪೇ, ಅಥವಾ ನೆಲವನ್ನು ವಶಕ್ಕೆ ತೆಗೆದುಕೊಂಡ ದಿನವೇ? ಕಚೇರಿಗಳ ರೂಢಿಯ ಉತ್ತರವೆಂದರೆ, ಮೇಲ್ಮನವಿ ಬಾಕಿಯಿರುವಾಗ ಏನೂ ಅಂತಿಮವಲ್ಲ, ಆದ್ದರಿಂದ ‘ಕಂಪನಿ ಸಾಲವೆಂದು ಒಪ್ಪದ ಕ್ಲೇಮುಗಳು’ ಎಂಬ ತಲೆಬರಹದಡಿ ಟಿಪ್ಪಣಿಯಲ್ಲಿ ಹಾಕಿದರೆ ಸಾಕು ಎಂಬುದು. ಈ ಉತ್ತರ ತಪ್ಪು. ನೆಲವನ್ನು ವಶಕ್ಕೆ ಪಡೆದಾಗಲೇ ಅದರ ನ್ಯಾಯವಾದ ಮಾರುಕಟ್ಟೆ ಬೆಲೆಯನ್ನು ಕೊಡುವ ಬಾಧ್ಯತೆ ಕಾಯ್ದೆಯಿಂದ ಬಿದ್ದಾಗಿದೆ, ಭೂಸ್ವಾಧೀನಾಧಿಕಾರಿಯ ದರ ಆ ಬೆಲೆಯ ಮೊದಲ ಅಂದಾಜು ಮಾತ್ರ, ನ್ಯಾಯಾಲಯಗಳು ಮುಂದೆ ಮಾಡುವುದು ಅದೇ ಬೆಲೆಯನ್ನು ಹೆಚ್ಚು ಎಚ್ಚರದಿಂದ ಅಳೆಯುವುದನ್ನು. ವ್ಯಾಜ್ಯ ಇರುವುದು ಎಷ್ಟು ಎಂಬುದರ ಬಗ್ಗೆ. ಕೊಡಬೇಕೇ ಎಂಬುದರ ಬಗ್ಗೆ ಅಲ್ಲ. ಮೇಲ್ಮನವಿ ಸಲ್ಲಿಸುವುದು ಸಂಸ್ಥೆಯ ಕೈಯಲ್ಲೇ ಇರುವ ಕ್ರಿಯೆ, ಮತ್ತು ತನ್ನದೇ ಒಂದು ಕ್ರಿಯೆಯಿಂದ ತನ್ನ ಹೊಣೆಯನ್ನು ಪುಸ್ತಕದಿಂದ ಹೊರಗಿಡಲು ಸಾಧ್ಯವಾದರೆ ಮಾನಕಕ್ಕೆ ಅರ್ಥವೇ ಉಳಿಯುವುದಿಲ್ಲ.

ಹೀಗೆಂದ ಮಾತ್ರಕ್ಕೆ ಪ್ರತಿಯೊಂದು ಅರ್ಜಿಗೂ ಹಣ ತೆಗೆದಿಡಬೇಕೆಂದಲ್ಲ. ಒಂದು ಕಾಲುವೆಯ ಮೊದಲ ಹಳ್ಳಿಯಲ್ಲಿ ಮೊದಲ ರೈತ ಅರ್ಜಿ ಹಾಕಿ, ಸುತ್ತಮುತ್ತ ಅಂಥ ಯಾವ ತೀರ್ಪೂ ಇಲ್ಲದೆ, ಹತ್ತಿರದ ನೋಂದಾಯಿತ ಕ್ರಯಪತ್ರಗಳೂ ಅಧಿಕಾರಿಯ ದರವನ್ನೇ ಸಮರ್ಥಿಸುತ್ತಿದ್ದರೆ, ದರ ಏರುವ ಸಂಭವ ಅರ್ಧಕ್ಕಿಂತ ಹೆಚ್ಚು ಎನ್ನಲು ಆಧಾರವಿಲ್ಲ. ಅದು ಟಿಪ್ಪಣಿಯಲ್ಲೇ ಇರಲಿ. ಆದರೆ ಅದೇ ಕಾಲುವೆಗುಂಟ ಹತ್ತು ಹಳ್ಳಿಗಳಲ್ಲಿ ನ್ಯಾಯಾಲಯಗಳು ದರವನ್ನು ಏರಿಸುತ್ತ ಬಂದಿದ್ದರೆ, ಹನ್ನೊಂದನೆಯ ಹಳ್ಳಿಯ ಡಿಕ್ರಿ ಬರುವ ಮೊದಲೇ ಪ್ರಾವಿಷನ್ ಬೇಕಾಗುತ್ತದೆ, ಏಕೆಂದರೆ ಇಲ್ಲಿ ಸಂಭವವನ್ನು ಹೇಳುವುದು ಸಂಸ್ಥೆಯ ಕಾನೂನು ಶಾಖೆಯ ಆಶಾವಾದವಲ್ಲ, ಅದರ ಕಡತಗಳಲ್ಲಿ ಕೂಡಿಬಿದ್ದ ಅನುಭವ.

ಅಂಕಿಗಳಲ್ಲಿ ಇದು ಹೇಗೆ ಕಾಣುತ್ತದೆ ಎಂಬುದನ್ನು ತಿಳಿಯಲು ದೇವದುರ್ಗ ತಾಲ್ಲೂಕಿನ ಒಂದು ವಿತರಣಾ ಕಾಲುವೆಯನ್ನು ಊಹಿಸಿಕೊಳ್ಳಬಹುದು. ಕೆಳಗಿನ ಊರು, ದರ, ದಿನಾಂಕಗಳು ಲೆಕ್ಕ ತೋರಿಸಲು ಕಲ್ಪಿಸಿದವು, ಕಾಯ್ದೆಯ ಶೇಕಡಾವಾರುಗಳು ಮಾತ್ರ ನಿಜ. 2010ರ ಏಪ್ರಿಲ್ 1ರಂದು ಪ್ರಾಥಮಿಕ ಅಧಿಸೂಚನೆ ಹೊರಟು, 2011ರ ಏಪ್ರಿಲ್ 1ರಂದು ಐತೀರ್ಪಾಗಿ ಅಂದೇ ನೆಲ ವಶವಾಯಿತು. ಅಧಿಕಾರಿ ಕಟ್ಟಿದ ದರ ಎಕರೆಗೆ 1 ಲಕ್ಷ. ಎರಡೆರಡು ಎಕರೆ ಕಳೆದುಕೊಂಡ 30 ರೈತರು, ಒಟ್ಟು 60 ಎಕರೆಗೆ, ನ್ಯಾಯಾಲಯಕ್ಕೆ ಹೋದರು. ಅವರಲ್ಲಿ ಒಬ್ಬನ ಪ್ರಕರಣ 2015ರ ಫೆಬ್ರುವರಿ 10ರಂದು ತೀರ್ಮಾನವಾಗಿ ದರ 3 ಲಕ್ಷಕ್ಕೆ ಏರಿತು, ಸಂಸ್ಥೆ ಮೇಲ್ಮನವಿ ಹಾಕಿತು, ಲೆಕ್ಕಪತ್ರ ಮುಚ್ಚುವ ದಿನ 2015ರ ಮಾರ್ಚ್ 31.

ಏರಿದ್ದು ಎಕರೆಗೆ 2 ಲಕ್ಷ ಎಂದರೆ ಹೊಣೆಯೂ 2 ಲಕ್ಷ ಎಂದು ತಿಳಿದವರು ಮೋಸಹೋಗುತ್ತಾರೆ. ಬಲವಂತದ ಸ್ವಾಧೀನಕ್ಕಾಗಿ ಕೊಡುವ ಸೊಲೇಷಿಯಂ ಶೇಕಡಾ 30, ಅಂದರೆ 60,000 ರೂಪಾಯಿ. ಅಧಿಸೂಚನೆಯಿಂದ ಐತೀರ್ಪಿನವರೆಗಿನ ಒಂದು ವರ್ಷಕ್ಕೆ ಶೇಕಡಾ 12ರ ಹೆಚ್ಚುವರಿ ಮೊತ್ತ 24,000. ಹೀಗೆ ಅಸಲು 2,84,000 ಆಯಿತು. ಇದರ ಮೇಲೆ 28ನೆಯ ಕಲಮಿನ ಬಡ್ಡಿ, ವಶಪಡಿಸಿಕೊಂಡ ಮೊದಲ ವರ್ಷಕ್ಕೆ ಶೇಕಡಾ 9, ಅಲ್ಲಿಂದ ಮುಂದೆ ಶೇಕಡಾ 15. ಸೊಲೇಷಿಯಂ ಮೇಲೂ ಬಡ್ಡಿ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಸ್ಪಷ್ಟಪಡಿಸಿದೆ. ನಾಲ್ಕು ವರ್ಷಗಳಿಗೆ ಮೊದಲ ವರ್ಷದ 25,560 ಮತ್ತು ಉಳಿದ ಮೂರು ವರ್ಷಗಳ ತಲಾ 42,600 ಸೇರಿ ಬಡ್ಡಿ 1,53,360 ಆಗುತ್ತದೆ. ಎಕರೆಗೆ ಒಟ್ಟು 4,37,360. ಅಂದರೆ ಏರಿಕೆಯ ಎರಡು ಪಟ್ಟಿಗೂ ಮಿಕ್ಕಿ.

ಇನ್ನು ಮೇಲ್ಮನವಿಯ ಸಂಭವ. ಹೋಲುವ ಹಳೆಯ ಪ್ರಕರಣಗಳನ್ನು ತೆಗೆದು ನೋಡಿದಾಗ ಹೈಕೋರ್ಟ್ ನೂರಕ್ಕೆ 20ರಲ್ಲಿ ಏರಿಕೆಯನ್ನು ಪೂರ್ತಿ ರದ್ದು ಮಾಡಿದೆ, 50ರಲ್ಲಿ ಅರ್ಧಕ್ಕೆ ಇಳಿಸಿದೆ, 30ರಲ್ಲಿ ಹಾಗೆಯೇ ಎತ್ತಿಹಿಡಿದಿದೆ ಎಂದಿಟ್ಟುಕೊಂಡರೆ, ಏನಾದರೂ ಕೊಡಬೇಕಾಗುವ ಸಂಭವ ನೂರಕ್ಕೆ 80. ಪ್ರಾವಿಷನ್ನಿನ ಹೊಸ್ತಿಲನ್ನು ಅದು ಆರಾಮವಾಗಿ ದಾಟುತ್ತದೆ. ಮೊತ್ತ ಎಷ್ಟು ಎಂಬಲ್ಲಿ ಮಾತ್ರ ಒಂಟಿ ಪ್ರಕರಣಕ್ಕೂ ಗುಂಪಿಗೂ ವ್ಯತ್ಯಾಸವಿದೆ. ಇರುವುದು ಒಬ್ಬನೇ ರೈತನ ಪ್ರಕರಣವಾಗಿದ್ದರೆ, ಎಲ್ಲಕ್ಕಿಂತ ಹೆಚ್ಚು ಸಂಭವನೀಯವಾದ ಫಲಿತಾಂಶವನ್ನು, ಅಂದರೆ ಅರ್ಧ ಮೊತ್ತವನ್ನು ಹಿಡಿಯುವುದು ಸರಿ. ಮೂವತ್ತು ಪ್ರಕರಣಗಳಿರುವಾಗ ಸರಾಸರಿ ನಿರೀಕ್ಷೆ ಹೆಚ್ಚು ನಿಜಕ್ಕೆ ಹತ್ತಿರ: ಅರ್ಧದ ಅರ್ಧ ಮತ್ತು ಪೂರ್ಣದ ನೂರಕ್ಕೆ 30 ಸೇರಿ ನೂರಕ್ಕೆ 55, ಅಂದರೆ ಎಕರೆಗೆ 2,40,548 ರೂಪಾಯಿ, 60 ಎಕರೆಗೆ ಸುಮಾರು 1.44 ಕೋಟಿ. ಇದು ಪ್ರಾವಿಷನ್. ಡಿಕ್ರಿಯ ದರದಲ್ಲಿ ಒಟ್ಟು 2.62 ಕೋಟಿಯಾಗುವುದರಿಂದ ಉಳಿದ ಸುಮಾರು 1.18 ಕೋಟಿ ಟಿಪ್ಪಣಿಗೆ ಹೋಗುತ್ತದೆ. ರೈತರು ಎಕರೆಗೆ 5 ಲಕ್ಷ ಕೇಳಿ ತಾವೂ ಮೇಲ್ಮನವಿ ಹಾಕಿದ್ದರೆ, 3 ಲಕ್ಷಕ್ಕಿಂತ ಮೇಲಿನ ಆ ಬೇಡಿಕೆಯೂ ಅಲ್ಲಿಗೇ. ಒಂದೇ ವ್ಯಾಜ್ಯ ಹೀಗೆ ಎರಡು ಕಡೆ ಹಂಚಿಹೋಗುವುದು ವಿರೋಧಾಭಾಸವಲ್ಲ. ಇಡೀ ವ್ಯಾಜ್ಯಕ್ಕೆ ಒಂದೇ ಚೀಟಿ ಅಂಟಿಸಲು ಹೊರಡುವವರೇ, ಪೂರ್ತಿ ಬರೆದರೆ ಲೆಕ್ಕ ಕೆಡುತ್ತದೆಂದು ಹೆದರಿ, ಏನನ್ನೂ ಬರೆಯದೆ ಬಿಡುತ್ತಾರೆ.

ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದ ರೈತರ ವಿಷಯ ಇದಕ್ಕಿಂತ ಸೂಕ್ಷ್ಮ. 28ಎ ಎಂಬ ಕಲಂ ಪ್ರಕಾರ, ಅದೇ ಅಧಿಸೂಚನೆಯಲ್ಲಿ ನೆಲ ಕಳೆದುಕೊಂಡು, 18ನೆಯ ಕಲಮಿನ ಅರ್ಜಿ ಹಾಕದೆ ಸುಮ್ಮನಿದ್ದವನೂ ಸಹ, ನೆರೆಯವನಿಗೆ ನ್ಯಾಯಾಲಯ ದರ ಏರಿಸಿದ ದಿನದಿಂದ ಮೂರು ತಿಂಗಳೊಳಗೆ ಜಿಲ್ಲಾಧಿಕಾರಿಗೆ ಬರೆದುಕೊಂಡು ತನ್ನ ಪರಿಹಾರವನ್ನೂ ಅದರಂತೆ ಮರುನಿರ್ಧರಿಸಲು ಕೇಳಬಹುದು. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಈ ಅವಧಿಯಿಂದ ಕಳೆಯಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅಂಥವರು 10 ಮಂದಿ, 20 ಎಕರೆ ಇದ್ದಾರೆಂದರೆ, ಮಾರ್ಚ್ 31ರಂದು ಅವರ ಬಾಗಿಲು ಇನ್ನೂ ತೆರೆದಿದೆ. ಅರ್ಜಿ ಬಂದಿಲ್ಲವಾದ್ದರಿಂದ ಹೊಣೆಯೇ ಇಲ್ಲ ಎಂಬ ವಾದಕ್ಕೆ ಇಲ್ಲಿ ಸ್ವಲ್ಪ ಬಲವಿದೆಯೆಂದು ಒಪ್ಪಬೇಕು, ಏಕೆಂದರೆ ಅರ್ಜಿಯಿಲ್ಲದೆ ಜಿಲ್ಲಾಧಿಕಾರಿ ತಾನಾಗಿ ಏನನ್ನೂ ಮಾಡುವಂತಿಲ್ಲ. ಆದರೂ ನೆಲ ಹೋಗಿದೆ, ದರ ಏರಿದೆ, ಒಂದೇ ಊರಿನಲ್ಲಿ ಸುದ್ದಿ ಹರಡಲು ಮೂರು ತಿಂಗಳು ಬೇಕಿಲ್ಲ. ಹಿಂದೆ ಎಷ್ಟು ಜನ ಇಂಥ ಅರ್ಜಿ ಹಾಕಿದ್ದರು ಎಂಬ ಅನುಭವದ ಮೇಲೆ ಅಂದಾಜು ಮಾಡಿ ಬರೆಯುವುದೇ ಹೆಚ್ಚು ಪ್ರಾಮಾಣಿಕ. ಪುಣ್ಯಕ್ಕೆ ಈ ಚರ್ಚೆಯನ್ನು ಕಾಲವೇ ಬಗೆಹರಿಸುತ್ತದೆ. ಲೆಕ್ಕಪತ್ರಕ್ಕೆ ಆಡಳಿತ ಮಂಡಳಿ ಒಪ್ಪಿಗೆ ಕೊಡುವುದು ಆಗಸ್ಟಿನಲ್ಲಿ ಎಂದಾದರೆ, ಅಷ್ಟರಲ್ಲಿ ಅವಧಿ ಮುಗಿದು, ಆರು ಮಂದಿ ಅರ್ಜಿ ಹಾಕಿದ್ದಾರೆ, ನಾಲ್ಕು ಮಂದಿ ಹಾಕಿಲ್ಲ ಎಂಬುದು ಗೊತ್ತಾಗಿರುತ್ತದೆ. ಮಾರ್ಚ್ 31ರ ಸ್ಥಿತಿಯ ಮೇಲೆ ಬೆಳಕು ಚೆಲ್ಲುವ ನಂತರದ ಘಟನೆಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ನಿಯಮವಿರುವುದರಿಂದ, ಆರು ಮಂದಿಯ 12 ಎಕರೆಗೆ ಪ್ರಾವಿಷನ್ ಮಾಡಿ, ಉಳಿದ ನಾಲ್ವರ 8 ಎಕರೆಯನ್ನು ಟಿಪ್ಪಣಿಯಿಂದಲೂ ಕೈಬಿಡಬಹುದು.

ಪ್ರಾವಿಷನ್ ಮಾಡಲು ಹಿಂಜರಿಕೆ ಹುಟ್ಟುವುದಕ್ಕೆ ಎರಡು ಕಾರಣಗಳನ್ನು ಹೇಳಲಾಗುತ್ತದೆ. ಅದರಿಂದ ವರ್ಷದ ಲಾಭ ಕೊಚ್ಚಿಹೋಗುತ್ತದೆ ಎಂಬುದು ಮೊದಲನೆಯದು. ಇದು ಹೆಚ್ಚಿನಂಶ ತಪ್ಪು ತಿಳಿವಳಿಕೆ, ಏಕೆಂದರೆ ಹೆಚ್ಚಿದ ಬೆಲೆ, ಸೊಲೇಷಿಯಂಗಳು ನೆಲದ ಬೆಲೆಯ ಭಾಗವಾಗಿ ಆಸ್ತಿಯ ಬದಿಗೆ ಸೇರುತ್ತವೆ, ಕಾಲುವೆ ಬಳಕೆಗೆ ಬಂದ ನಂತರದ ಬಡ್ಡಿಯಷ್ಟೇ ಸಾಮಾನ್ಯವಾಗಿ ಲಾಭ-ನಷ್ಟ ಖಾತೆಗೆ ಬೀಳುತ್ತದೆ. ಎರಡನೆಯದು ತೂಕದ ಆಕ್ಷೇಪ: ಪುಸ್ತಕದಲ್ಲಿ ಹೊಣೆಯನ್ನು ಒಪ್ಪಿಕೊಂಡರೆ ರೈತನ ವಕೀಲರು ಅದನ್ನೇ ಎತ್ತಿ ತೋರಿಸಿ ಮೇಲ್ಮನವಿಯನ್ನು ಸೋಲಿಸುವುದಿಲ್ಲವೇ? ಭೂಸ್ವಾಧೀನದ ಪ್ರಕರಣಗಳಲ್ಲಿ ನ್ಯಾಯಾಲಯಗಳು ದರ ಕಟ್ಟುವುದು ಕ್ರಯಪತ್ರ, ಬೆಳೆಯ ಇಳುವರಿ, ನೆಲದ ಗುಣ, ಊರಿಗಿರುವ ದೂರ ಮೊದಲಾದ ಪುರಾವೆಗಳ ಮೇಲೆ, ಕಂಪನಿಯ ಅಢಾವೆ ಪತ್ರಿಕೆಯ ಮೇಲಲ್ಲ. ಜೊತೆಗೆ ನೂರಾರು ಪ್ರಕರಣಗಳನ್ನು ಒಟ್ಟುಗೂಡಿಸಿ ತೋರಿಸಿದ ಮೊತ್ತದಿಂದ ಒಬ್ಬ ರೈತನ ಪಾಲನ್ನು ಯಾರೂ ಬಿಡಿಸಿ ತೆಗೆಯಲಾರರು. ವಿವರ ಕೊಡುವುದರಿಂದ ವ್ಯಾಜ್ಯಕ್ಕೆ ಗಂಭೀರ ಧಕ್ಕೆಯಾಗುವ ಅತಿ ವಿರಳ ಸಂದರ್ಭಗಳಲ್ಲಿ ವಿವರವನ್ನು ತಡೆಹಿಡಿಯಲು ಮಾನಕವೇ ಅವಕಾಶ ಕೊಟ್ಟಿದೆ. ಆದರೆ ಆ ಅವಕಾಶ ಇರುವುದು ವಿವರಣೆಗೆ ಮಾತ್ರ, ಮೊತ್ತವನ್ನು ಬರೆಯದಿರುವುದಕ್ಕಲ್ಲ.

ಇದೇ ಹಣವನ್ನು ಪಡೆಯುವವನ ಕಡೆಯಿಂದ ನೋಡಿದಾಗ ಲೆಕ್ಕ ಬೇಕೆಂದೇ ಅಸಮವಾಗಿರುವುದು ಕಾಣುತ್ತದೆ. ಹಿಂದೂಸ್ತಾನ್ ಹೌಸಿಂಗ್ ಆ್ಯಂಡ್ ಲ್ಯಾಂಡ್ ಡೆವಲಪ್‌ಮೆಂಟ್ ಟ್ರಸ್ಟ್ ಎಂಬ ಕಂಪನಿಗೆ ಹೆಚ್ಚುವರಿ ಭೂ ಪರಿಹಾರ ಮಂಜೂರಾಗಿ, ಸರ್ಕಾರದ ಮೇಲ್ಮನವಿ ಬಾಕಿಯಿರುವಾಗ ಜಾಮೀನು ಕೊಟ್ಟು ಹಣ ಎತ್ತಿಕೊಂಡಿದ್ದರೂ, ಹಕ್ಕೇ ವಿವಾದದಲ್ಲಿರುವುದರಿಂದ ಅದು ಇನ್ನೂ ಆದಾಯವಾಗಿ ಒದಗಿಲ್ಲವೆಂದು ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ಬರಬಹುದಾದ ಲಾಭವನ್ನು ಬರುವುದು ಬಹುತೇಕ ಖಚಿತವಾಗುವವರೆಗೆ ಬರೆಯಬಾರದು, ಹೋಗಬಹುದಾದ ನಷ್ಟವನ್ನು ಸಂಭವ ಅರ್ಧ ದಾಟಿದೊಡನೆ ಬರೆಯಬೇಕು ಎಂಬುದು ಎಚ್ಚರಿಕೆಯ ತತ್ತ್ವ. ಪಡೆಯುವವನು ಬರೆದಿಲ್ಲ, ಆದ್ದರಿಂದ ತಾನೂ ಬರೆಯಬೇಕಿಲ್ಲ ಎಂದು ಕೊಡುವವನು ವಾದಿಸುವಂತಿಲ್ಲ.

ಯಾವುದೇ ಸಂಸ್ಥೆಯ ಲೆಕ್ಕಪತ್ರದಲ್ಲಿ ಈ ತಪ್ಪು ನಡೆದಿದೆಯೇ ಎಂದು ಹೊರಗಿನವರು ತಿಳಿಯಲು ಎರಡು ಗುರುತುಗಳಿವೆ. ಮೇಲ್ಮನವಿಯಲ್ಲಿ ತಡೆಯಾಜ್ಞೆ ಕೊಡುವಾಗ ಹೈಕೋರ್ಟ್ ಸಾಮಾನ್ಯವಾಗಿ ಡಿಕ್ರಿಯ ಮೊತ್ತದ ಒಂದು ಭಾಗವನ್ನು ಠೇವಣಿ ಇಡಲು ಹೇಳುತ್ತದೆ. ಆ ಹಣ ಹೊರಗೆ ಹೋಗಿದ್ದರೂ ಪುಸ್ತಕದಲ್ಲಿ ‘ನ್ಯಾಯಾಲಯದಲ್ಲಿ ಇಟ್ಟ ಠೇವಣಿ’ ಎಂದು ಆಸ್ತಿಯ ಬದಿಯಲ್ಲಿ, ಮರಳಿ ಬರುವ ಹಣದಂತೆ ಕುಳಿತಿರುತ್ತದೆ. ಈ ಠೇವಣಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ, ಎದುರು ಬದಿಯಲ್ಲಿ ಪ್ರಾವಿಷನ್ ಇಲ್ಲವೆಂದರೆ, ಬಹುಪಾಲು ಹೋಗಲಿರುವ ಹಣವನ್ನು ಸಂಸ್ಥೆ ಆಸ್ತಿಯೆಂದು ತೋರಿಸುತ್ತಿದೆ ಎಂದರ್ಥ. ಎರಡನೆಯದು, ಟಿಪ್ಪಣಿಯಲ್ಲಿ ಭೂ ಪರಿಹಾರದ ಸಂಭಾವ್ಯ ಹೊಣೆಯ ಅಂಕಿ ಸತತ ಮೂರು ವರ್ಷ ಕದಲದೆ ನಿಂತಿರುವುದು. ಅಸಲಿನ ಮೇಲೆ ಶೇಕಡಾ 15ರ ಬಡ್ಡಿ ಓಡುತ್ತಿರುವಾಗ ನಿಜವಾದ ಹೊಣೆ ನಿಲ್ಲಲಾರದು. ಮೇಲಿನ ಉದಾಹರಣೆಯ 60 ಎಕರೆಯಲ್ಲೇ ಡಿಕ್ರಿಯ ದರದಂತೆ ವರ್ಷಕ್ಕೆ 25 ಲಕ್ಷ 56 ಸಾವಿರ ರೂಪಾಯಿ ಕೂಡುತ್ತ ಹೋಗುತ್ತದೆ. ಅಂಕಿ ನಿಂತಿದ್ದರೆ, ಹಿಂದಿನ ವರ್ಷದ ಟಿಪ್ಪಣಿಯನ್ನು ನಕಲು ಮಾಡಲಾಗಿದೆ, ಕಡತ ತೆರೆದು ನೋಡಿಲ್ಲ ಎಂದು ಶಂಕಿಸಲು ಅಷ್ಟು ಸಾಕು. ಲೆಕ್ಕ ಪರಿಶೋಧಕನು ಆಗ ಸಂಸ್ಥೆಯ ವಕೀಲರಿಗೆ ನೇರವಾಗಿ ಪತ್ರ ಬರೆದು, ಪ್ರತಿಯೊಂದು ಮೇಲ್ಮನವಿಯ ಹಂತ, ಇಟ್ಟ ಠೇವಣಿ, ರೈತರು ಹಾಕಿರುವ ಅಮಲ್ಜಾರಿ ಅರ್ಜಿಗಳು ಇವುಗಳ ಪಟ್ಟಿಯನ್ನು ತರಿಸಿಕೊಂಡು, ಅದನ್ನು ಸಂಸ್ಥೆಯ ಪಟ್ಟಿಯ ಜೊತೆ ಸಾಲುಸಾಲಾಗಿ ತಾಳೆ ಹಾಕಬೇಕಾಗುತ್ತದೆ.